ರೋಗಿಗೆ ಕೊಡುವ ಕರಪತ್ರ: ಕೊಡಬಹುದಾದ ಮಾತು, ಕೊಡಲಾಗದ ಮಾತು



ಮನೆಯ ಹಿರಿಯರನ್ನು ಕಣ್ಣಿನ ತಪಾಸಣೆಗೆ ಕರೆದೊಯ್ದು ಹಿಂದಿರುಗುವಾಗ ಕೈಯಲ್ಲಿ ಔಷಧಿಯ ಚೀಟಿಯ ಜೊತೆಗೆ ಒಂದು ಮಡಚಿದ ಕಾಗದವೂ ಇರುವುದುಂಟು. ಚಿಕಿತ್ಸಾಲಯದ ಸೇವೆಗಳನ್ನು ವಿವರಿಸುವ ಕರಪತ್ರವದು. ಆ ರಾತ್ರಿ ಊಟವಾದ ಮೇಲೆ ಮಗನೋ ಸೊಸೆಯೋ ಅದನ್ನು ಗಟ್ಟಿಯಾಗಿ ಓದುತ್ತಾರೆ, ಅಜ್ಜಿ ಕೇಳಿಸಿಕೊಳ್ಳುತ್ತಾರೆ. ವೈದ್ಯರು ಅವಸರದಲ್ಲಿ ಹೇಳಿದ್ದು ಮರೆತುಹೋಗಿರುತ್ತದೆ, ಕಾಗದದಲ್ಲಿರುವುದು ಮನಸ್ಸಿನಲ್ಲಿ ನಿಲ್ಲುತ್ತದೆ. ಇಂಥ ಒಂದು ಕರಪತ್ರವನ್ನು ತಿದ್ದಿದ ಬಗೆಯನ್ನು ಈ ತಿಂಗಳ ಅಂಕಣದಲ್ಲಿ ವಿವರಿಸಬೇಕೆಂದಿದ್ದೇನೆ.

ತಾಲ್ಲೂಕು ಕೇಂದ್ರವೊಂದರ ಸಣ್ಣ ಕಣ್ಣಿನ ಚಿಕಿತ್ಸಾಲಯ. ಅಲ್ಲಿನ ವೈದ್ಯರು ಪೊರೆಯ ಶಸ್ತ್ರಚಿಕಿತ್ಸೆಗೆ ಬರುವವರಿಗಾಗಿ ಒಂದು ಕರಪತ್ರವನ್ನು ಮುದ್ರಿಸಹೊರಟು, ಕನ್ನಡವನ್ನು ಸರಿಪಡಿಸಿಕೊಡಿ ಎಂದು ಕರಡನ್ನು ನನ್ನ ಕೈಗಿತ್ತರು. ಅದರ ಮುಖ್ಯ ಭಾಗ ಹೀಗಿತ್ತು:

"ನಮ್ಮಲ್ಲಿ ಅತ್ಯಾಧುನಿಕ ಲೇಸರ್ ಯಂತ್ರದಿಂದ ನೋವಿಲ್ಲದ, ಇಂಜೆಕ್ಷನ್ ಇಲ್ಲದ, ಹೊಲಿಗೆ ಇಲ್ಲದ ಪೊರೆ ಶಸ್ತ್ರಚಿಕಿತ್ಸೆ ಮಾಡಲಾಗುವುದು. ಶೇಕಡಾ 100 ಯಶಸ್ಸು. ಅಂದೇ ದೃಷ್ಟಿ ಮರಳುತ್ತದೆ. ಕನ್ನಡಕದಿಂದ ಶಾಶ್ವತ ಮುಕ್ತಿ. ಆರಂಭದ ಪೊರೆಯನ್ನು ಹನಿ ಔಷಧಿಯಿಂದಲೇ ಕರಗಿಸಲಾಗುವುದು. ರೋಗಿಗಳು ನಿಗದಿತ ವೇಳೆಗೆ ಹಾಜರಾಗತಕ್ಕದ್ದು. ಸೂಚನೆ ಪಾಲಿಸದಿದ್ದಲ್ಲಿ ಆಗುವ ತೊಂದರೆಗಳಿಗೆ ಸಂಸ್ಥೆಯು ಜವಾಬ್ದಾರಿಯಲ್ಲ."

ವೈದ್ಯರು ಮೋಸಗಾರರಲ್ಲ. ಇದು ಬೇರೆ ಊರುಗಳ ಕರಪತ್ರಗಳಿಂದ ಮುದ್ರಣಾಲಯದವರು ಆಯ್ದು ಜೋಡಿಸಿದ ಬರವಣಿಗೆ. ಗಮನಿಸಬೇಕಾದುದೇನೆಂದರೆ, ಮೊದಲರ್ಧದಲ್ಲಿ ಕೊಡಲಾಗದ ಭರವಸೆಗಳೆಲ್ಲ ಇವೆ, ಕೊನೆಯಲ್ಲಿ ಗದರಿಕೆಯಿದೆ. ಆಶೆ ತೋರಿಸಿ ಕರೆದವರೇ ಬಾಗಿಲಲ್ಲಿ ಹೆದರಿಸಿದಂತೆ. ಇಂಥ ಬರಹವನ್ನು ಕಾಗುಣಿತ ತಿದ್ದಿ ಸರಿಪಡಿಸಲಾಗದು. ಆದುದರಿಂದ ಮೊದಲು ಮಾಡಿದ ಕೆಲಸವೆಂದರೆ ಪ್ರತಿಯೊಂದು ವಾಕ್ಯವನ್ನೂ ಬಿಡಿಸಿ ಮೂರು ಗುಂಪುಗಳಲ್ಲಿ ಇರಿಸಿದ್ದು.

ಮೊದಲ ಗುಂಪು, ಚಿಕಿತ್ಸಾಲಯದ ಕೈಯಲ್ಲೇ ಇರುವ ಸಂಗತಿಗಳು: ತಪಾಸಣೆಯ ಕ್ರಮ, ಖರ್ಚಿನ ವಿವರ, ಮತ್ತೆ ಬರಬೇಕಾದ ದಿನಗಳು, ರಾತ್ರಿ ತೊಂದರೆಯಾದರೆ ದೂರವಾಣಿಗೆ ಉತ್ತರಿಸುವವರು ಯಾರು ಎಂಬುದು. ಇವುಗಳ ಬಗ್ಗೆ ಧೈರ್ಯವಾಗಿ ಮಾತು ಕೊಡಬಹುದು, ಕೊಡಲೇಬೇಕು. ಎರಡನೆಯದು, ಹೆಚ್ಚಿನವರಿಗೆ ಆಗುವ ಅನುಭವ: ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ದಿನ ಕಣ್ಣು ಕಿರಿಕಿರಿಯಾಗುತ್ತದೆ ಎಂಬಂಥವು. ಇಲ್ಲಿ 'ಹೆಚ್ಚಿನವರಿಗೆ', 'ಕೆಲವರಿಗೆ' ಎಂಬ ಅಳತೆಯ ಮಾತುಗಳು ಬೇಕು. ಮೂರನೆಯದು, ಆಯಾ ಕಣ್ಣಿನ ಸ್ಥಿತಿಯನ್ನು ಅವಲಂಬಿಸಿದ ಫಲ: ಕೊನೆಗೆ ದೃಷ್ಟಿ ಎಷ್ಟು ಬರುತ್ತದೆ ಎಂಬುದು. ಇದಕ್ಕೆ ಕಾಗದದ ಮೇಲೆ ಯಾರೂ ಮಾತು ಕೊಡಲಾರರು. ಯಾವುದರ ಮೇಲೆ ಅವಲಂಬಿಸಿದೆ ಎಂಬುದನ್ನು ಮಾತ್ರ ತಿಳಿಸಬಲ್ಲರು. ಕರಡಿನ ದೋಷವೇನೆಂದರೆ ಮೊದಲ ಗುಂಪಿನ ಸಂಗತಿ ಒಂದೂ ಇರಲಿಲ್ಲ. ಎರಡನೆಯ ಮತ್ತು ಮೂರನೆಯ ಗುಂಪಿನ ಸಂಗತಿಗಳನ್ನು ಮೊದಲ ಗುಂಪಿನ ಧಾಟಿಯಲ್ಲಿ ಬರೆಯಲಾಗಿತ್ತು.

ಈಗ ಒಂದೊಂದಾಗಿ ನೋಡೋಣ. 'ಶೇಕಡಾ 100 ಯಶಸ್ಸು' ಎಂಬ ಮಾತಿನಲ್ಲಿ ಯಶಸ್ಸು ಎಂದರೇನು ಎಂದು ವೈದ್ಯರನ್ನು ಕೇಳಿದೆ. ಪೊರೆ ತೆಗೆದು ಕೃತಕ ಲೆನ್ಸ್ ಕೂರಿಸುವುದು ಸಾಂಗವಾಗಿ ನೆರವೇರಿದರೆ ಅದು ವೈದ್ಯರಿಗೆ ಯಶಸ್ಸು. ಅಜ್ಜಿಗೆ ಯಶಸ್ಸೆಂದರೆ ಅಕ್ಕಿಯಲ್ಲಿ ಕಲ್ಲು ಕಾಣುವುದು, ಮೊಮ್ಮಗಳ ಮುಖ ಸ್ಪಷ್ಟವಾಗುವುದು. ಒಂದೇ ಶಬ್ದ, ಎರಡು ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯು 1998ರಲ್ಲಿ ಸೂಚಿಸಿದ ಗುರಿಯನ್ನೇ ನೋಡಿ: ಪೊರೆಯ ಶಸ್ತ್ರಚಿಕಿತ್ಸೆಯಾದ 100 ಕಣ್ಣುಗಳಲ್ಲಿ, ಸರಿಯಾದ ಕನ್ನಡಕ ಹಾಕಿ ನೋಡಿದಾಗ, 90ಕ್ಕಾದರೂ 6/18 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಇರಬೇಕು. 6/18 ಎಂದರೆ ಸಹಜ ದೃಷ್ಟಿಯವರು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವರು 6 ಮೀಟರ್ ದೂರದಿಂದ ಓದಬಲ್ಲರೆಂದು. ಜಗತ್ತಿಗೆಲ್ಲ ಇಟ್ಟ ಗುರಿಯೇ ನೂರಕ್ಕೆ ನೂರಲ್ಲ ಎಂದ ಮೇಲೆ ನಮ್ಮ ತಾಲ್ಲೂಕಿನ ಕಾಗದದಲ್ಲಿ ಅದನ್ನು ಬರೆಯುವುದು ಹೇಗೆ?

ಹಾಗಾದರೆ ನಿಮ್ಮ ಚಿಕಿತ್ಸಾಲಯದ ನಿಜವಾದ ಲೆಕ್ಕವನ್ನೇ ಹಾಕೋಣ ಎಂದೆ. ದಾಖಲೆಯ ಪುಸ್ತಕ ತೆರೆದಾಗ ಇನ್ನೊಂದು ತೊಡಕು ಕಾಣಿಸಿತು. ಶಸ್ತ್ರಚಿಕಿತ್ಸೆಯಾದವರಲ್ಲಿ ಬಹಳಷ್ಟು ಜನ ಆರನೆಯ ವಾರದ ತಪಾಸಣೆಗೆ ಬಂದೇ ಇರಲಿಲ್ಲ. ಚೆನ್ನಾಗಿ ಕಂಡಿತೆಂದು ಬಾರದವರು ಯಾರು, ಕಾಣಲಿಲ್ಲವೆಂದು ಬೇಸತ್ತು ಬೇರೆ ಕಡೆ ಹೋದವರು ಯಾರು ಎಂದು ಹೇಳುವಂತಿರಲಿಲ್ಲ. ಬಂದವರನ್ನು ಮಾತ್ರ ಎಣಿಸಿ ತೆಗೆದ ಶೇಕಡಾವಾರು ನೋಡಲು ಅಚ್ಚುಕಟ್ಟಾಗಿರುತ್ತದೆ, ನಂಬಲು ಯೋಗ್ಯವಾಗಿರುವುದಿಲ್ಲ. ಆದುದರಿಂದ ಸಂಖ್ಯೆಯನ್ನು ಬಿಟ್ಟೆವು. 'ಹೆಚ್ಚಿನವರಿಗೆ ಮೊದಲಿಗಿಂತ ಚೆನ್ನಾಗಿ ಕಾಣಿಸುತ್ತದೆ. ಎಷ್ಟು ಚೆನ್ನಾಗಿ ಎಂಬುದು ನಿಮ್ಮ ಕಣ್ಣಿನ ಹಿಂಭಾಗದ ಆರೋಗ್ಯದ ಮೇಲೆ ನಿಂತಿದೆ' ಎಂದು ಬರೆದೆವು.

ಈ ಎರಡನೆಯ ವಾಕ್ಯಕ್ಕೆ ವಿವರಣೆ ಬೇಕು. ಪೊರೆಯೆಂದರೆ ಕಣ್ಣಿನೊಳಗಿನ ಸಹಜ ಲೆನ್ಸ್ ಮಸುಕಾಗುವುದು. ಕಿಟಕಿಯ ಗಾಜು ಮಸುಕಾದಂತೆ. ಗಾಜು ಬದಲಿಸಿದರೆ ಬೆಳಕು ಒಳಗೆ ಬರುತ್ತದೆ. ಆದರೆ ಒಳಗಿನ ಗೋಡೆಯೇ ಶಿಥಿಲವಾಗಿದ್ದರೆ ಗಾಜು ಬದಲಿಸಿದ್ದರಿಂದ ಗೋಡೆ ಸರಿಹೋಗದು. ಸಕ್ಕರೆ ಕಾಯಿಲೆಯಿಂದ ಹಿಂಭಾಗದ ಅಕ್ಷಿಪಟಲ ಕೆಟ್ಟಿದ್ದರೆ, ಗ್ಲಾಕೋಮಾದಿಂದ ಕಣ್ಣಿನ ನರ ಸವೆದಿದ್ದರೆ, ಪೊರೆ ತೆಗೆದ ಮೇಲೂ ದೃಷ್ಟಿ ಪೂರ್ಣವಾಗಿ ಬಾರದು. ಪೊರೆ ತೀರ ದಟ್ಟವಾಗಿದ್ದರೆ ವೈದ್ಯರಿಗೂ ಹಿಂಭಾಗ ಕಾಣುವುದಿಲ್ಲ. ಆಗ ಸ್ಕ್ಯಾನ್ ಮಾಡಿ ಅಕ್ಷಿಪಟಲ ಕಳಚಿದೆಯೇ ಎಂಬಂಥ ದೊಡ್ಡ ದೋಷವನ್ನು ತಿಳಿಯಬಹುದು; ಸೂಕ್ಷ್ಮ ದೋಷ ಪೊರೆ ತೆಗೆದ ಮೇಲಷ್ಟೇ ಗೊತ್ತಾಗುತ್ತದೆ. ಇದನ್ನು ಮೊದಲೇ ಕೇಳಿದ್ದವರು ಫಲ ಕಡಿಮೆಯಾದಾಗ ದುಃಖಿಸಿಯಾರು, ವಂಚನೆಯಾಯಿತೆಂದು ಭಾವಿಸಲಾರರು. ಹಾಗಾಗಿ ಈ ಹೋಲಿಕೆಯನ್ನು ಕರಪತ್ರದಲ್ಲೇ ಎರಡು ಸಾಲಿನಲ್ಲಿ ಸೇರಿಸಿದೆವು.

'ಅಂದೇ ದೃಷ್ಟಿ ಮರಳುತ್ತದೆ' ಎಂಬುದನ್ನು ನೋಡೋಣ. ಕೆಲವರಿಗೆ ಮರುದಿನವೇ ಬಣ್ಣಗಳು ಹೊಳೆಯುತ್ತವೆ ಎಂಬುದು ನಿಜ. ಆದರೆ ಕಣ್ಣಿನ ಪಾಪೆ ಹಿಗ್ಗಿಸಲು ಹಾಕಿದ ಹನಿಯ ಪ್ರಭಾವದಿಂದಲೂ, ಕರಿಗುಡ್ಡೆಯ ಮುಂಭಾಗ ತುಸು ಊದಿಕೊಳ್ಳುವುದರಿಂದಲೂ ಅನೇಕರಿಗೆ ಮೊದಲ ಕೆಲವು ದಿನ ಮಸುಕಾಗಿಯೇ ಕಾಣುತ್ತದೆ. ಕಣ್ಣು ಸ್ಥಿಮಿತಕ್ಕೆ ಬಂದು ಕನ್ನಡಕದ ನಂಬರ್ ನೋಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. 'ಅಂದೇ' ಎಂದು ಓದಿದ ಮನೆಯವರು ಮರುದಿನ ಮಸುಕೆಂದು ಕೇಳಿದೊಡನೆ ಗಾಬರಿಯಾಗುತ್ತಾರೆ. ಸಹಜವಾದ ಸ್ಥಿತಿಯೇ ಅವರಿಗೆ ಸೋಲಾಗಿ ತೋರುತ್ತದೆ. ಅತಿಯಾದ ಭರವಸೆ ಒಳ್ಳೆಯ ಫಲವನ್ನೂ ಕಹಿ ಮಾಡುವುದು ಹೀಗೆ.

'ಕನ್ನಡಕದಿಂದ ಶಾಶ್ವತ ಮುಕ್ತಿ' ಎಂಬುದನ್ನು ಪೂರ್ತಿ ಹೊಡೆದುಹಾಕಿದೆವು. ಸಾಮಾನ್ಯವಾಗಿ ಹಾಕುವ ಲೆನ್ಸ್ ಒಂದೇ ದೂರಕ್ಕೆ ಹೊಂದಿಸಿದ್ದು. ದೂರದ್ದು ಕಂಡರೆ ಪತ್ರಿಕೆ ಓದಲು, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕೇ ಬೇಕು. ಹಲವು ದೂರಗಳಿಗೆ ಹೊಂದುವ ಹೆಚ್ಚು ಬೆಲೆಯ ಲೆನ್ಸ್‌ಗಳಿವೆ. ಅವು ಕನ್ನಡಕದ ಅಗತ್ಯವನ್ನು ಕಡಿಮೆ ಮಾಡುತ್ತವೆ, ಆದರೆ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆಯಂತೆ ಬೆಳಕು ಕಾಣುವುದುಂಟು. ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ಮನೆಯವರು ಹಣ ಕೊಡುವ ಮೊದಲು ಯೋಚಿಸಬಲ್ಲರು.

'ಲೇಸರ್' ಎಂಬ ಶಬ್ದವೂ ಹೋಯಿತು. ಈ ಚಿಕಿತ್ಸಾಲಯದಲ್ಲಿರುವುದು ಫೇಕೋ ಯಂತ್ರ. ಅದು ಶಬ್ದಾತೀತ ತರಂಗಗಳಿಂದ ಪೊರೆಯನ್ನು ಪುಡಿಮಾಡಿ ಹೀರುತ್ತದೆ. ಜನರ ಬಾಯಲ್ಲಿ ಅದು ಲೇಸರ್ ಆಗಿಬಿಟ್ಟಿದೆ. 'ನೋವಿಲ್ಲದ, ಇಂಜೆಕ್ಷನ್ ಇಲ್ಲದ, ಹೊಲಿಗೆ ಇಲ್ಲದ' ಎಂಬ ಮೂರು 'ಇಲ್ಲ'ಗಳಲ್ಲಿ ಒಂದನ್ನೂ ಖಡಾಖಂಡಿತವಾಗಿ ಹೇಳುವಂತಿಲ್ಲ. ಹೆಚ್ಚಿನವರಿಗೆ ಹನಿಯಿಂದಲೇ ಕಣ್ಣು ಮರಗಟ್ಟುತ್ತದೆ, ಕೆಲವರಿಗೆ ಕಣ್ಣಿನ ಪಕ್ಕದಲ್ಲಿ ಇಂಜೆಕ್ಷನ್ ಬೇಕಾಗುತ್ತದೆ. ಹೊಲಿಗೆ ಸಾಮಾನ್ಯವಾಗಿ ಬೇಡ, ಒಮ್ಮೊಮ್ಮೆ ಬೇಕಾಗುತ್ತದೆ.

ಹನಿ ಔಷಧಿಯಿಂದ ಪೊರೆ ಕರಗಿಸುವ ಮಾತು ಎಲ್ಲಕ್ಕಿಂತ ಅಪಾಯಕರ. ಪೊರೆಯನ್ನು ಕರಗಿಸುತ್ತದೆಂದು ಸಿದ್ಧಪಟ್ಟ ಹನಿ ಯಾವುದೂ ಇಲ್ಲ. ಅಷ್ಟೇ ಅಲ್ಲದೆ, 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಪಟ್ಟಿಯಲ್ಲಿ ಕಣ್ಣಿನ ಪೊರೆಯೂ ಸೇರಿದೆ. ಪಟ್ಟಿಯಲ್ಲಿರುವ ಕಾಯಿಲೆಯನ್ನು ಔಷಧಿಯೊಂದು ಗುಣಪಡಿಸುತ್ತದೆಂದು ಸಾರ್ವಜನಿಕರಿಗೆ ಜಾಹೀರು ಮಾಡುವುದನ್ನು ಆ ಕಾಯಿದೆ ನಿಷೇಧಿಸುತ್ತದೆ, ಮತ್ತು ಸುತ್ತೋಲೆಗಳೂ ಅದರ ವ್ಯಾಪ್ತಿಗೆ ಬರುತ್ತವೆ.

ಇನ್ನು ಭಾಷೆಯ ಸೂಕ್ಷ್ಮಕ್ಕೆ ಬರೋಣ. ಕನ್ನಡದಲ್ಲಿ 'ಆಗುತ್ತದೆ' ಎಂಬ ರೂಪಕ್ಕೆ ಎರಡು ಮುಖಗಳಿವೆ. 'ಆಷಾಢದಲ್ಲಿ ಗಾಳಿ ಬೀಸುತ್ತದೆ' ಎಂದರೆ ಅದು ವಾಡಿಕೆ. 'ನಾಳೆ ನಿನಗೆ ಹಣ ಬರುತ್ತದೆ' ಎಂದರೆ ಅದು ಭರವಸೆ. 'ದೃಷ್ಟಿ ಸುಧಾರಿಸುತ್ತದೆ' ಎಂದು ಬರೆದ ವೈದ್ಯರು ವಾಡಿಕೆಯನ್ನು ಹೇಳಿದ್ದರೂ, ಆತಂಕದಲ್ಲಿರುವ ಮನೆಯವರು ಓದುವುದು ಭರವಸೆಯನ್ನೇ. ಅದಕ್ಕೆ ಮುಂದೆ 'ಹೆಚ್ಚಿನವರಿಗೆ' ಎಂಬ ಒಂದು ಮಾತು ಇಟ್ಟರೆ ಅದು ವಾಡಿಕೆಯೆಂದು ತಿಳಿಯುತ್ತದೆ.

'ಬಹುದು' ಎಂಬುದು ಇನ್ನೂ ತೊಡಕಿನದು. ಅದು ಸಂಭವವನ್ನೂ ಹೇಳುತ್ತದೆ, ಅನುಮತಿಯನ್ನೂ ಕೊಡುತ್ತದೆ. 'ಕಣ್ಣು ಕೆಂಪಾಗಬಹುದು' ಎಂಬುದು ಸಂಭವ, 'ಟಿ.ವಿ. ನೋಡಬಹುದು' ಎಂಬುದು ಅನುಮತಿ. ಆದರೆ 'ಕೆಲವರು ಒಂದು ವಾರದ ನಂತರ ಹನಿ ಹಾಕುವುದನ್ನು ನಿಲ್ಲಿಸಬಹುದು, ಇದರಿಂದ ತೊಂದರೆಯಾಗುತ್ತದೆ' ಎಂದು ಕರಡಿನ ಹಿಂಪುಟದಲ್ಲಿತ್ತು. ಎಚ್ಚರಿಕೆಯಾಗಿ ಬರೆದ ಆ ವಾಕ್ಯದ ಮೊದಲರ್ಧವನ್ನಷ್ಟೇ ಕೇಳಿದವರಿಗೆ ಹನಿ ನಿಲ್ಲಿಸಲು ಅಪ್ಪಣೆ ಸಿಕ್ಕಂತೆಯೇ! ಆದುದರಿಂದ ಒಂದು ನಿಯಮ ಮಾಡಿಕೊಂಡೆವು. 'ಬಹುದು' ಎಂಬುದನ್ನು ಅನುಮತಿಗೆ ಮಾತ್ರ ಬಳಸುವುದು. ಸಂಭವಕ್ಕೆ 'ಕೆಲವರಿಗೆ ಆಗುವುದುಂಟು', 'ಅಪರೂಪಕ್ಕೆ ಆಗುತ್ತದೆ' ಎನ್ನುವುದು. ಆ ವಾಕ್ಯ 'ವೈದ್ಯರು ಹೇಳುವವರೆಗೆ ಹನಿ ನಿಲ್ಲಿಸಬೇಡಿ' ಎಂದಾಯಿತು.

ಶಬ್ದಗಳಲ್ಲೂ ಊರಿನವರ ಬಳಕೆಯನ್ನೇ ಹಿಡಿದೆವು. 'ನೇತ್ರಮಸೂರ' ಎಂದರೆ ಯಾರಿಗೂ ತಿಳಿಯದು, 'ಲೆನ್ಸ್' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆ ಭಾಗದಲ್ಲಿ ಪೊರೆಯನ್ನು ಮೋತಿಬಿಂದು ಎನ್ನುವವರೂ ಇರುವುದರಿಂದ ಮೊದಲ ಸಲ ಎರಡನ್ನೂ ಬರೆದೆವು.

ಹೀಗೆ ಭರವಸೆಗಳನ್ನೆಲ್ಲ ಕತ್ತರಿಸಿದಾಗ ವೈದ್ಯರು ಒಂದು ನ್ಯಾಯವಾದ ಆಕ್ಷೇಪ ಎತ್ತಿದರು. "ಇಷ್ಟೆಲ್ಲ 'ಆಗದಿರುವುದುಂಟು' ಎಂದು ಓದಿದರೆ ಜನ ಹೆದರಿ ಮನೆಯಲ್ಲೇ ಕುಳಿತುಬಿಡುತ್ತಾರಲ್ಲ ಸಾರ್? ಪೊರೆಗೆ ಬೇರೆ ಉಪಾಯವಿಲ್ಲ. ಬಾರದಿದ್ದರೆ ಅವರಿಗೇ ನಷ್ಟ." ಅವರ ಮಾತು ನಿಜವೇ. ತಡಮಾಡಿದಷ್ಟೂ ಪೊರೆ ಗಟ್ಟಿಯಾಗಿ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ. ಕಣ್ಣು ಮಂಜಾದ ಹಿರಿಯರು ಬಚ್ಚಲಲ್ಲಿ, ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದುಂಟು. ಹೆದರಿಸುವ ಕರಪತ್ರವೂ ಕೆಟ್ಟ ಕರಪತ್ರವೇ.

ಆದರೆ ಭಯವನ್ನು ಕಳೆಯಲು ಫಲದ ಭರವಸೆ ಬೇಕಿಲ್ಲ. ಶಸ್ತ್ರಚಿಕಿತ್ಸೆಗೆ ಹೊರಟ ಹಿರಿಯರನ್ನು ಕಾಡುವ ಪ್ರಶ್ನೆಗಳನ್ನು ವೈದ್ಯರ ಸಹಾಯಕಿಯಾದ ದಾದಿಯಿಂದ ಕೇಳಿ ಬರೆದುಕೊಂಡೆವು. ಎಚ್ಚರವಿರುತ್ತದೆಯೇ? ಕತ್ತರಿಸುವುದು ಕಾಣುತ್ತದೆಯೇ? ಕೆಮ್ಮು ಬಂದರೆ ಏನು ಮಾಡಲಿ? ಮಗಳು ಹೊರಗೇ ಇರುತ್ತಾಳಲ್ಲವೇ? ಎಷ್ಟು ಹಣ? ಇವುಗಳಲ್ಲಿ ಬಹುಪಾಲು ಮೊದಲ ಗುಂಪಿಗೆ, ಎಂದರೆ ಖಚಿತವಾಗಿ ಉತ್ತರಿಸಬಲ್ಲ ಗುಂಪಿಗೆ ಸೇರಿದವು. ಆಪ್ತತೆ ಬರುವುದು ಇವುಗಳಿಗೆ ನೇರ ಉತ್ತರ ಕೊಡುವುದರಿಂದ. 'ರೋಗಿಗಳು ಹಾಜರಾಗತಕ್ಕದ್ದು' ಎಂಬುದು 'ಬೆಳಿಗ್ಗೆ 8 ಗಂಟೆಗೆ ಬನ್ನಿ, ಮನೆಯವರೊಬ್ಬರು ಜೊತೆಗಿರಲಿ' ಎಂದಾಯಿತು. ಖರ್ಚಿನ ವಿಷಯದಲ್ಲಿ ಒಟ್ಟು ಮೊತ್ತಕ್ಕಿಂತ, ಅದರಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದೇ ಮುಖ್ಯ. ಹನಿಯ ಔಷಧಿ ಮತ್ತು ನಂತರದ ಕನ್ನಡಕ ಬೇರೆ ಎಂದು ಸ್ಪಷ್ಟವಾಗಿ ಬರೆದೆವು.

'ಸಂಸ್ಥೆಯು ಜವಾಬ್ದಾರಿಯಲ್ಲ' ಎಂಬ ಜಾಗದಲ್ಲಿ ಅತ್ಯಂತ ಮುಖ್ಯವಾದ ಮಾತು ಬರಬೇಕಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ, ವಿಶೇಷವಾಗಿ ಮೊದಲ ವಾರದಲ್ಲಿ, ಅಪರೂಪಕ್ಕೆ ಕಣ್ಣಿನೊಳಗೆ ಸೋಂಕು ತಗಲುತ್ತದೆ. ಸಾವಿರದಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಜನರಿಗೆ ಆಗುವ ತೊಂದರೆಯಾದರೂ, ಗಂಟೆಗಳ ವಿಳಂಬವೂ ದೃಷ್ಟಿಯನ್ನು ಕಸಿಯಬಲ್ಲದು. ನೋವು ಹೆಚ್ಚುತ್ತಾ ಹೋಗುವುದು, ಕಂಡಿದ್ದ ದೃಷ್ಟಿ ಮತ್ತೆ ಇಳಿಯುವುದು, ಕೆಂಪು ಹೆಚ್ಚುವುದು ಅದರ ಲಕ್ಷಣಗಳು. 'ನೋವಿಲ್ಲದ, 100ಕ್ಕೆ 100' ಎಂದು ಓದಿಕೊಂಡ ಮನೆಯವರು ನೋವು ಬಂದಾಗ 'ನಾಳೆ ಸರಿಹೋದೀತು' ಎಂದು ಕಾಯುತ್ತಾರೆ. ಅತಿ ಭರವಸೆಯ ನಿಜವಾದ ಹಾನಿ ಇದು. ಹಾಗಾಗಿ ಈ ಸಾಲುಗಳನ್ನು ದಪ್ಪಕ್ಷರದಲ್ಲಿ, ದೂರವಾಣಿ ಸಂಖ್ಯೆಯೊಂದಿಗೆ, ಚೌಕದೊಳಗೆ ಇರಿಸಿದೆವು.

ತಿದ್ದಿದ ಕರಪತ್ರದ ಮುಖ್ಯ ಭಾಗ ಕೊನೆಗೆ ಹೀಗೆ ನಿಂತಿತು:

"ಕಣ್ಣಿನ ಪೊರೆ (ಮೋತಿಬಿಂದು) ಎಂದರೆ ಕಣ್ಣಿನೊಳಗಿನ ಲೆನ್ಸ್ ಮಸುಕಾಗುವುದು. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆದು ಹೊಸ ಲೆನ್ಸ್ ಇಡುತ್ತೇವೆ. ಕಿಟಕಿಯ ಮಸುಕು ಗಾಜನ್ನು ಬದಲಿಸಿದಂತೆ. ಹೆಚ್ಚಿನವರಿಗೆ ಮೊದಲಿಗಿಂತ ಚೆನ್ನಾಗಿ ಕಾಣಿಸುತ್ತದೆ. ಸಕ್ಕರೆ ಕಾಯಿಲೆ ಅಥವಾ ಗ್ಲಾಕೋಮಾದಿಂದ ಕಣ್ಣಿನ ಹಿಂಭಾಗ ಹಾಳಾಗಿದ್ದರೆ ದೃಷ್ಟಿ ಅಷ್ಟು ಸುಧಾರಿಸುವುದಿಲ್ಲ. ನಿಮ್ಮ ಕಣ್ಣಿನ ಬಗ್ಗೆ ನಮಗೆ ತಿಳಿದುದನ್ನೂ, ಮೊದಲೇ ಹೇಳಲಾಗದುದನ್ನೂ ಶಸ್ತ್ರಚಿಕಿತ್ಸೆಗೆ ಮೊದಲು ನಿಮ್ಮೊಡನೆ ಕುಳಿತು ಮಾತನಾಡುತ್ತೇವೆ.

ಆ ದಿನ ನಿಮಗೆ ಎಚ್ಚರವಿರುತ್ತದೆ. ಕಣ್ಣು ಮರಗಟ್ಟಿರುವುದರಿಂದ ಹೆಚ್ಚಿನವರಿಗೆ ನೋವು ತಿಳಿಯುವುದಿಲ್ಲ. ಬೆಳಕು, ನೀರು, ಸ್ವಲ್ಪ ಒತ್ತಡ ತಿಳಿಯುತ್ತದೆ. ನೋವಾದರೆ, ಕೆಮ್ಮು ಬಂದರೆ ಮೊದಲು ಬಾಯಲ್ಲಿ ಹೇಳಿ. ವೈದ್ಯರು ಕೈ ನಿಲ್ಲಿಸುತ್ತಾರೆ. ಅಂದೇ ಮನೆಗೆ ಹೋಗಬಹುದು. ಕೆಲವು ದಿನ ಮಸುಕು, ಕಿರಿಕಿರಿ ಇರುವುದುಂಟು. ಓದಲು ಕನ್ನಡಕ ಬೇಕಾಗುತ್ತದೆ. ಅದರ ನಂಬರನ್ನು ನಾಲ್ಕರಿಂದ ಆರು ವಾರದ ಮೇಲೆ ನೋಡುತ್ತೇವೆ. ಚೆನ್ನಾಗಿ ಕಂಡರೂ ಆ ತಪಾಸಣೆಗೆ ಬನ್ನಿ.

ನೋವು ಹೆಚ್ಚಿದರೆ, ದೃಷ್ಟಿ ಇಳಿದರೆ, ಕೆಂಪು ಹೆಚ್ಚಿದರೆ ಬೆಳಗಾಗುವವರೆಗೆ ಕಾಯಬೇಡಿ. ರಾತ್ರಿಯಾದರೂ ಈ ಸಂಖ್ಯೆಗೆ ಕರೆ ಮಾಡಿ."

ಕೊನೆಯ ಸಾಲನ್ನು ಮುದ್ರಿಸುವ ಮೊದಲು ವೈದ್ಯರನ್ನು ಕೇಳಿದೆ: ರಾತ್ರಿ ಆ ದೂರವಾಣಿಯನ್ನು ಎತ್ತುವವರು ಯಾರು? ಅದುವರೆಗೆ ಅದಕ್ಕೆ ವ್ಯವಸ್ಥೆಯಿರಲಿಲ್ಲ. ವೈದ್ಯರೂ ದಾದಿಯೂ ಸರದಿ ಮಾಡಿಕೊಂಡ ಮೇಲೆಯೇ ಸಂಖ್ಯೆ ಅಚ್ಚಾಯಿತು.

ಅಚ್ಚಿಗೆ ಮುನ್ನ ಒಂದು ಪರೀಕ್ಷೆಯನ್ನೂ ಮಾಡಿದೆವು. ಹೊರಗೆ ಕುಳಿತಿದ್ದ ಹಿರಿಯರೊಬ್ಬರಿಗೆ ಓದಿ ಹೇಳಿ, "ಅಜ್ಜಾರ, ಇದರಾಗ ಏನು ಹೇಳ್ಯಾರ, ನಿಮ್ಮ ಮಾತಿನಾಗ ಹೇಳ್ರಿ" ಎಂದು ದಾದಿ ಕೇಳಿದರು. ತಿಳಿಯಿತೇ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ತಿರುಗಿ ಹೇಳಿಸಿದರೆ ಮಾತ್ರ ಗೊತ್ತಾಗುತ್ತದೆ. ಅವರು ಎಲ್ಲವನ್ನೂ ಸರಿಯಾಗಿ ಹೇಳಿ ಕೊನೆಗೆ, "ಒಮ್ಮೆ ತೆಗೆದ ಪೊರೆ ಮತ್ತ ಬರ್ತೈತೇನ್ರಿ? ನಮ್ಮ ತಂಗಿಗೆ ಬಂದಿತ್ತು" ಎಂದರು. ತೆಗೆದ ಪೊರೆ ಮತ್ತೆ ಬಾರದು. ಆದರೆ ಹೊಸ ಲೆನ್ಸಿನ ಹಿಂದಿನ ತೆಳುಪದರ ತಿಂಗಳುಗಳ ಅಥವಾ ವರ್ಷಗಳ ನಂತರ ಕೆಲವರಿಗೆ ಮಸುಕಾಗುತ್ತದೆ. ಅದನ್ನು ಕೆಲವೇ ನಿಮಿಷಗಳಲ್ಲಿ ಲೇಸರ್‌ನಿಂದ ಸರಿಪಡಿಸುತ್ತಾರೆ. ಜನ ಪೊರೆ ಮತ್ತೆ ಬಂತೆನ್ನುವುದು ಇದನ್ನೇ. ಕರಪತ್ರಕ್ಕೆ ಇನ್ನೆರಡು ಸಾಲು ಸೇರಿದವು. ಅಡಿಯಲ್ಲಿ ಮುದ್ರಣದ ತಿಂಗಳು ಮತ್ತು ವರ್ಷವನ್ನು ಹಾಕಿ, ವರ್ಷಕ್ಕೊಮ್ಮೆ ಮರುಪರಿಶೀಲಿಸುವುದೆಂದು ನಿಶ್ಚಯಿಸಿ ಪ್ರತಿಯನ್ನು ಮುದ್ರಣಾಲಯಕ್ಕೆ ಕಳುಹಿಸಲಾಯಿತು.